ನಾಣ್ಯ ಚಿಮ್ಮಿ ಅಳೆಯುವ ಅಚ್ಚರಿ: ಯಂತ್ರ ಬರೆದದ್ದು ಹೇಗೆ ಸಿಕ್ಕಿಬೀಳುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ರೆ ಆರಾಮಾಗಿ ಕೇಳಿ. ಇವತ್ತು ಸ್ವಲ್ಪ ಲೆಕ್ಕ ಇದೆ, ಆದ್ರೆ ನಾಣ್ಯ ಚಿಮ್ಮೋದು ಗೊತ್ತಿದ್ರೆ ಸಾಕು.

ವಿಷಯ ಏನಪ್ಪಾ ಅಂದ್ರೆ, ಕಾಲೇಜಿಗೆ ಅಸೈನ್‌ಮೆಂಟ್ ಕೊಟ್ರೆ ಅದನ್ನ ಒಂದು ಡಿಟೆಕ್ಟರ್‌ಗೆ ಹಾಕ್ತಾರೆ. "ಇದರಲ್ಲಿ 80 ಪರ್ಸೆಂಟ್ ಎಐ" ಅಂತ ಒಂದು ನಂಬರ್ ಬರುತ್ತೆ. ಆ ನಂಬರ್ ಎಲ್ಲಿಂದ ಬಂತು? ಚಾಟ್‌ಜಿಪಿಟಿ ತಾನು ಬರೆದದ್ದಕ್ಕೆಲ್ಲ ಗುಟ್ಟಾಗಿ ಸೀಲ್ ಒತ್ತಿರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಂಥ ಡಿಟೆಕ್ಟರ್‌ಗಳು ನೋಡೋದು ಸೀಲನ್ನಲ್ಲ, ಅಭ್ಯಾಸವನ್ನ. ಯಂತ್ರಕ್ಕೆ ಪದ ಆರಿಸೋದರಲ್ಲಿ ಒಂದು ಅಭ್ಯಾಸ ಇದೆ, ಆ ಅಭ್ಯಾಸವನ್ನ ಅಳೆಯಬಹುದು. ಅದು ಹೇಗೆ, ಆ ಅಳತೆಯನ್ನ ಎಲ್ಲಿಯವರೆಗೆ ನಂಬಬಹುದು, ಇವೆರಡನ್ನ ಇವತ್ತು ನೋಡೋಣ.

ಮೊದಲು ಲ್ಯಾಂಗ್ವೇಜ್ ಮಾಡೆಲ್ ಏನು ಮಾಡುತ್ತೆ ಅಂತ ನೋಡೋಣ. ಅದು ಮಾಡೋ ಕೆಲಸ ಒಂದೇ. ಇಲ್ಲಿಯವರೆಗಿನ ಬರಹ ನೋಡಿ, ಮುಂದಿನ ತುಣುಕು ಯಾವುದಿರಬಹುದು ಅಂತ ಪ್ರತಿಯೊಂದು ಸಾಧ್ಯತೆಗೂ ಒಂದೊಂದು ಅಂಕ ಕೊಡೋದು. ಈ ತುಣುಕಿಗೆ ಟೋಕನ್ ಅಂತಾರೆ. ಸದ್ಯಕ್ಕೆ ಟೋಕನ್ ಅಂದ್ರೆ ಒಂದು ಪದ ಅಂತಲೇ ಇಟ್ಟುಕೊಳ್ಳಿ. "ಅಜ್ಜಿ ಬೆಳಗ್ಗೆ ಎದ್ದು ಒಂದು ಲೋಟ" ಅಂತ ನಾನು ಹೇಳಿ ನಿಲ್ಲಿಸಿದ್ರೆ ನಿಮ್ಮ ತಲೆಯಲ್ಲಿ ಏನು ಬಂತು? ಕಾಫಿ. ಇಲ್ಲಾಂದ್ರೆ ಟೀ, ಹಾಲು, ಬಿಸಿನೀರು. ಪೆಟ್ರೋಲ್ ಅಂತೂ ಬಂದಿರಲ್ಲ. ಮಾಡೆಲ್ ಕೂಡ ಹೀಗೇ. ಅದರ ಮುಂದೆ ಒಂದು ಪಟ್ಟಿ ಇರುತ್ತೆ, ಪ್ರತಿ ಪದದ ಎದುರು ಒಂದು ಸಂಭವನೀಯತೆ ಇರುತ್ತೆ. ಆ ಪಟ್ಟಿಯಿಂದ ಒಂದನ್ನ ಚೀಟಿ ಎತ್ತಿದ ಹಾಗೆ ಎತ್ತುತ್ತೆ, ಬರಹಕ್ಕೆ ಸೇರಿಸುತ್ತೆ, ಮತ್ತೆ ಹೊಸ ಪಟ್ಟಿ ಮಾಡುತ್ತೆ. ಸಾವಿರ ಪದದ ಪ್ರಬಂಧ ಅಂದ್ರೆ ಸಾವಿರ ಸಲ ಚೀಟಿ ಎತ್ತಿದ ಹಾಗೆ.

ಈಗ ಇದನ್ನೇ ತಿರುಗಿಸಿ ನೋಡಿ. ಬರೆಯೋಕೆ ಬಳಸೋ ಆ ಪಟ್ಟಿಯನ್ನ ಓದೋಕೂ ಬಳಸಬಹುದು. ಯಾರೋ ಬರೆದ ಪ್ಯಾರಾ ಒಂದನ್ನ ಮಾಡೆಲ್‌ಗೆ ಕೊಟ್ಟು, ಪ್ರತಿ ಪದದ ಹತ್ತಿರ ನಿಲ್ಲಿಸಿ, "ಈ ಪದ ಬರುತ್ತೆ ಅಂತ ನೀನು ಎಷ್ಟು ನಿರೀಕ್ಷಿಸಿದ್ದೆ?" ಅಂತ ಕೇಳಬಹುದು. ನಿರೀಕ್ಷೆ ಜಾಸ್ತಿ ಇದ್ದರೆ ಅಚ್ಚರಿ ಕಮ್ಮಿ. ನಿರೀಕ್ಷೆ ಕಮ್ಮಿ ಇದ್ದರೆ ಅಚ್ಚರಿ ಜಾಸ್ತಿ. ಎಷ್ಟೋ ಡಿಟೆಕ್ಟರ್‌ಗಳ ಹಿಂದೆ ಇರೋ ಮೂಲ ಐಡಿಯಾ ಇಷ್ಟೇ.

ಅಚ್ಚರಿಯನ್ನ ಅಳೆಯೋದು ಹೇಗೆ? ನಾಣ್ಯದಲ್ಲಿ. ಒಂದು ನಾಣ್ಯ ಚಿಮ್ಮಿದ್ರೆ ತಲೆ ಬೀಳೋ ಸಾಧ್ಯತೆ ಎರಡರಲ್ಲಿ ಒಂದು. ಎರಡು ಸಲ ಸತತವಾಗಿ ತಲೆ ಬೀಳೋದು ನಾಲ್ಕರಲ್ಲಿ ಒಂದು, ಮೂರು ಸಲ ಅಂದ್ರೆ ಎಂಟರಲ್ಲಿ ಒಂದು. ಒಂದು ಪದದ ಸಾಧ್ಯತೆ ಎರಡರಲ್ಲಿ ಒಂದು ಇದ್ದರೆ ಅದರ ಅಚ್ಚರಿ ಒಂದು ನಾಣ್ಯ. ನಾಲ್ಕರಲ್ಲಿ ಒಂದು ಇದ್ದರೆ ಎರಡು ನಾಣ್ಯ. 128ರಲ್ಲಿ ಒಂದು ಇದ್ದರೆ ಏಳು ನಾಣ್ಯ, ಯಾಕಂದ್ರೆ ಸತತ ಏಳು ಸಲ ತಲೆ ಬಿದ್ದಷ್ಟು ಅಪರೂಪ ಅದು. ಇಂಜಿನಿಯರಿಂಗ್ ಓದ್ತಾ ಇರೋರಿಗೆ ಗೊತ್ತಿರುತ್ತೆ, ಇದನ್ನೇ ಬಿಟ್ ಅಂತಾರೆ.

ಎರಡು ವಾಕ್ಯ ತಗೊಳ್ಳೋಣ. ಅಂಕಿಗಳು ನಾನು ಉದಾಹರಣೆಗೆ ಹಾಕ್ಕೊಂಡಿದ್ದು, ಲೆಕ್ಕದ ದಾರಿ ಮಾತ್ರ ನಿಜವಾದದ್ದು. ಎರಡೂ "ಅಜ್ಜಿ ಬೆಳಗ್ಗೆ ಎದ್ದು" ಅಂತ ಶುರುವಾಗುತ್ತವೆ. ಮೊದಲನೆಯದು, "ಒಂದು ಲೋಟ ಕಾಫಿ ಕುಡಿದರು". ಇಲ್ಲಿ "ಒಂದು" ಅನ್ನೋದಕ್ಕೆ ಎರಡು ನಾಣ್ಯ, "ಲೋಟ"ಕ್ಕೆ ಎರಡು, "ಕಾಫಿ"ಗೆ ಒಂದು, "ಕುಡಿದರು" ಅನ್ನೋದಕ್ಕೆ ಒಂದು. ಒಟ್ಟು ಆರು ನಾಣ್ಯ, ನಾಲ್ಕು ಪದ. ಸರಾಸರಿ ಒಂದೂವರೆ.

ಎರಡನೆಯದು, "ನಿನ್ನೆಯ ಬಸ್ ಟಿಕೆಟ್ ಹುಡುಕಿದರು". "ನಿನ್ನೆಯ" ಅಂತ ಬರುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ, ಏಳು ನಾಣ್ಯ. ಆಮೇಲೆ "ಬಸ್", ಅದೂ ಅಚ್ಚರಿಯೇ, ಐದು. ಆದ್ರೆ "ಬಸ್" ಬಂದ ಮೇಲೆ "ಟಿಕೆಟ್" ಸುಲಭ, ಒಂದು. "ಹುಡುಕಿದರು" ಮೂರು. ಒಟ್ಟು ಹದಿನಾರು, ಸರಾಸರಿ ನಾಲ್ಕು.

ಈ ಸರಾಸರಿಯನ್ನೇ ಇನ್ನೊಂದು ರೂಪದಲ್ಲಿ ಹೇಳಿದ್ರೆ ಅದು ಪರ್‌ಪ್ಲೆಕ್ಸಿಟಿ. ಡಿಟೆಕ್ಟರ್‌ಗಳ ಬಗ್ಗೆ ಓದುವಾಗ ಈ ಪದ ಕೇಳಿರ್ತೀರಿ. ಎಷ್ಟು ನಾಣ್ಯವೋ ಅಷ್ಟು ಸಲ ಎರಡನ್ನ ಎರಡರಿಂದಲೇ ಗುಣಿಸೋದು. ನಾಲ್ಕು ನಾಣ್ಯ ಅಂದ್ರೆ ಎರಡು ಗುಣಿಸು ಎರಡು ಗುಣಿಸು ಎರಡು ಗುಣಿಸು ಎರಡು, ಹದಿನಾರು. ಒಂದೂವರೆ ನಾಣ್ಯಕ್ಕೆ ಹೆಚ್ಚುಕಮ್ಮಿ ಮೂರು ಬರುತ್ತೆ. ಇದರ ಅರ್ಥ ಏನಂದ್ರೆ, ಬಸ್ ಟಿಕೆಟ್ ವಾಕ್ಯ ಓದುವಾಗ ಮಾಡೆಲ್‌ಗೆ ಪ್ರತಿ ಹೆಜ್ಜೆಯಲ್ಲೂ ಸಮಾನ ಸಾಧ್ಯತೆಯ ಹದಿನಾರು ಬಾಗಿಲು ಕಂಡ ಹಾಗೆ. ಕಾಫಿ ವಾಕ್ಯದಲ್ಲಿ ಮೂರೇ ಬಾಗಿಲು.

ಇನ್ನೊಂದು ಗಮನಿಸಿ. ಕಾಫಿ ವಾಕ್ಯದ ನಾಣ್ಯಗಳು ಎರಡು, ಎರಡು, ಒಂದು, ಒಂದು. ಸಪಾಟು ರಸ್ತೆ. ಬಸ್ ಟಿಕೆಟ್‌ದು ಏಳು, ಐದು, ಒಂದು, ಮೂರು. ಗುಂಡಿ, ಹಂಪ್ ಎಲ್ಲಾ ಇದೆ. ಮನುಷ್ಯರ ಬರಹ ಸಾಮಾನ್ಯವಾಗಿ ಈ ಎರಡನೆಯ ಥರ. ಯಾಕೆ? ಯಾಕಂದ್ರೆ ಬರೆಯೋರಿಗೆ ಹೇಳೋಕೆ ಏನೋ ಒಂದು ನಿರ್ದಿಷ್ಟ ವಿಷಯ ಇರುತ್ತೆ. ಆ ಅಜ್ಜಿ ನಿಜವಾಗಿಯೂ ಟಿಕೆಟ್ ಹುಡುಕಿದರು. ಅದು ಎಷ್ಟು ಜನರ ವಾಕ್ಯದಲ್ಲಿ ಬರುತ್ತೆ ಅನ್ನೋದರ ಚಿಂತೆ ಬರೆದವರಿಗೆ ಇಲ್ಲ. ಸರಾಸರಿ ಅಚ್ಚರಿ ಮತ್ತು ಅದರ ಏರಿಳಿತ, ಈ ಎರಡೂ ಅಳತೆಗಳ ಮೇಲೆಯೇ 2023ರ ಜನವರಿಯಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿದ್ಯಾರ್ಥಿ ಎಡ್ವರ್ಡ್ ಟಿಯಾನ್ ಜಿಪಿಟಿಝೀರೋ ಅನ್ನೋ ಡಿಟೆಕ್ಟರ್ ಹೊರತಂದಿದ್ದು.

ಅದಕ್ಕೂ ಮುಂಚೆ, 2019ರಲ್ಲಿ, ಹಾರ್ವರ್ಡ್ ಮತ್ತು ಎಂಐಟಿ-ಐಬಿಎಂ ಲ್ಯಾಬಿನ ಸಂಶೋಧಕರು ಜಿಎಲ್‌ಟಿಆರ್ ಅನ್ನೋ ಒಂದು ಸರಳ ಟೂಲ್ ಮಾಡಿದ್ರು. ಅದು ಪ್ರತಿ ಪದಕ್ಕೂ ಬಣ್ಣ ಹಚ್ಚುತ್ತೆ. ಮಾಡೆಲ್‌ನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಇದ್ದ ಪದಕ್ಕೆ ಹಸಿರು, ನೂರರೊಳಗೆ ಹಳದಿ, ಸಾವಿರದೊಳಗೆ ಕೆಂಪು, ಅದರಾಚೆ ನೇರಳೆ. ಯಂತ್ರದ ಬರಹ ಹಾಕಿದ್ರೆ ಪುಟ ಹಸಿರೋ ಹಸಿರು. ಮನುಷ್ಯರ ಬರಹ ಹಾಕಿದ್ರೆ ಮಧ್ಯೆ ಮಧ್ಯೆ ಕೆಂಪು, ನೇರಳೆ ಚುಕ್ಕಿ. ಬಣ್ಣ ಇಲ್ಲದೆ ಓದಿದಾಗ ಜನ ಯಂತ್ರದ ಬರಹವನ್ನ 54 ಪರ್ಸೆಂಟ್ ಸಲ ಸರಿಯಾಗಿ ಗುರುತಿಸಿದ್ರು. ಬಣ್ಣ ತೋರಿಸಿದ ಮೇಲೆ ಅದು 72 ಪರ್ಸೆಂಟ್‌ಗೆ ಏರಿತು. ಅಂದ್ರೆ ಕಣ್ಣಿಗೆ ಕಾಣದ ಅಭ್ಯಾಸ ಅಳತೆಗೆ ಸಿಗುತ್ತೆ.

ಈಗ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬಂದಿರಬೇಕು. ಮಾಡೆಲ್ ಕಲಿತಿದ್ದು ಮನುಷ್ಯರ ಬರಹದಿಂದಲೇ ತಾನೆ? ಮನುಷ್ಯರು ನೂರರಲ್ಲಿ ಐದು ಸಲ ಅಪರೂಪದ ಪದ ಬಳಸಿದ್ರೆ, ಅದೂ ಐದು ಸಲ ಬಳಸಬೇಕಲ್ವಾ? ಹಾಗಿದ್ರೆ ವ್ಯತ್ಯಾಸ ಎಲ್ಲಿಂದ ಬಂತು?

ಒಳ್ಳೆ ಪ್ರಶ್ನೆ. ಉತ್ತರ ಏನಂದ್ರೆ, ಪಟ್ಟಿ ಮನುಷ್ಯರಿಗೆ ಹತ್ತಿರವಾಗಿಯೇ ಇರುತ್ತೆ, ಆದ್ರೆ ಚೀಟಿ ಎತ್ತುವಾಗ ಮೋಸ ನಡೆಯುತ್ತೆ. ಮೋಸ ಅಂದ್ರೆ ಕೆಟ್ಟ ಉದ್ದೇಶ ಅಲ್ಲ. ಪಟ್ಟಿಯ ತಳದಲ್ಲಿ ಸಾವಿರಾರು ಪದ ಇರುತ್ತವೆ, ಒಂದೊಂದಕ್ಕೂ ಚೂರೇ ಚೂರು ಸಾಧ್ಯತೆ. ಅವುಗಳಲ್ಲಿ ಹೆಚ್ಚಿನವು ಅಲ್ಲಿ ಹೊಂದೋದೇ ಇಲ್ಲ. ಸಾವಿರ ಸಲ ಚೀಟಿ ಎತ್ತುವಾಗ ಒಮ್ಮೊಮ್ಮೆ ಅಂಥ ಪದ ಬಂದೇ ಬರುತ್ತೆ, ಬಂದ್ರೆ ಬರಹ ಹಳಿ ತಪ್ಪುತ್ತೆ. ಅದಕ್ಕೇ ತಯಾರಕರು ತಳಭಾಗವನ್ನ ಕತ್ತರಿಸ್ತಾರೆ, ಇಲ್ಲಾ ತಲೆಭಾಗಕ್ಕೆ ತೂಕ ಹೆಚ್ಚಿಸ್ತಾರೆ. ತೂಕ ಹೆಚ್ಚಿಸೋ ಗುಂಡಿಗೆ ಟೆಂಪರೇಚರ್ ಅಂತ ಹೆಸರು.

ಒಂದು ಲೆಕ್ಕ ಮಾಡಿ ನೋಡೋಣ. ನಾಲ್ಕೇ ಪದ ಇವೆ ಅಂದ್ಕೊಳ್ಳಿ. ಕಾಫಿ 50, ಟೀ 30, ಹಾಲು 15, ಗಂಜಿ 5. ಒಟ್ಟು ನೂರು. ಟೆಂಪರೇಚರನ್ನ ಒಂದರಿಂದ ಅರ್ಧಕ್ಕೆ ಇಳಿಸಿದ್ರೆ ಏನಾಗುತ್ತೆ ಅಂದ್ರೆ, ಪ್ರತಿ ಸಂಖ್ಯೆಯ ವರ್ಗ ತಗೊಂಡು ಮತ್ತೆ ನೂರಕ್ಕೆ ಹಂಚೋದು. 50ರ ವರ್ಗ 2500, 30ರದ್ದು 900, 15ರದ್ದು 225, 5ರದ್ದು 25. ಒಟ್ಟು 3650. ಈಗ ನೂರಕ್ಕೆ ಹಂಚಿದ್ರೆ ಕಾಫಿ ಸುಮಾರು 68, ಟೀ 25, ಹಾಲು 6, ಗಂಜಿ ಒಂದಕ್ಕಿಂತ ಕಮ್ಮಿ, 0.7. ಕಾಫಿ ಬೆಳೆದಿದ್ದು ಸ್ವಲ್ಪ, ಗಂಜಿ ಮಾತ್ರ ಮಾಯವಾಗಿಯೇ ಹೋಯ್ತು.

ಒಂದು ವಾಕ್ಯದಲ್ಲಿ ಇದು ಯಾರಿಗೂ ಗೊತ್ತಾಗಲ್ಲ. ಕಾಫಿ ಕುಡಿದರು ಅಂತ ನೀವೂ ಬರೀತೀರಿ, ನಾನೂ ಬರೀತೀನಿ. ಆದ್ರೆ ಇಂಥ ಸಾವಿರ ಜಾಗಗಳು ಸೇರಿದ್ರೆ, ಮನುಷ್ಯರ ಬರಹದಲ್ಲಿ ಗಂಜಿಯಂಥ ಪದಗಳು 50 ಸಲ ಬರಬೇಕಿತ್ತು, ಇಲ್ಲಿ ಏಳೇ ಸಲ ಬಂದಿವೆ. ಈಗ ಅದು ಕಾಕತಾಳೀಯ ಅನ್ನೋಕೆ ಆಗಲ್ಲ. ಡಿಟೆಕ್ಟರ್‌ಗೆ ಉದ್ದನೆಯ ಬರಹ ಬೇಕು ಅನ್ನೋದರ ಕಾರಣ ಇದೇ. ವಾಟ್ಸಾಪ್ ಮೆಸೇಜ್ ಉದ್ದದ ಬರಹ ಹಾಕಿ "ಇದು ಎಐ" ಅಂತ ಯಾರಾದ್ರೂ ಹೇಳಿದ್ರೆ, ನಾಲ್ಕು ಸಲ ನಾಣ್ಯ ಚಿಮ್ಮಿ "ಈ ನಾಣ್ಯ ಖೋಟಾ" ಅಂದ ಹಾಗೆ.

ಟೆಂಪರೇಚರ್ ಆದ ಮೇಲೆ ಇನ್ನೊಂದು ಕಾರಣ ಇದೆ. ಮಾಡೆಲ್ ಮೂಲ ಬರಹಗಳಿಂದ ಕಲಿತ ನಂತರ ಅದಕ್ಕೆ ಇನ್ನೊಂದು ಸುತ್ತಿನ ತರಬೇತಿ ಇರುತ್ತೆ. ಎರಡು ಉತ್ತರ ತೋರಿಸಿ ಯಾವುದು ಚೆನ್ನಾಗಿದೆ ಅಂತ ಜನರ ಕೈಲಿ ಆರಿಸ್ತಾರೆ. ಆ ಆಯ್ಕೆಗಳ ದಿಕ್ಕಿಗೆ ಮಾಡೆಲನ್ನ ಬಾಗಿಸ್ತಾರೆ. ಸಾವಿರಾರು ಜನಕ್ಕೆ ಒಟ್ಟಿಗೆ ಹಿಡಿಸೋದು ನಯವಾದ, ಜೋಡಿಸಿಟ್ಟ, ಯಾರಿಗೂ ಚುಚ್ಚದ ಉತ್ತರ. ಹಾಗಾಗಿ ಪಟ್ಟಿಯೇ ಇನ್ನಷ್ಟು ಕಿರಿದಾಗುತ್ತೆ, ಕೆಲವು ಪದಗಳು ಅಗತ್ಯಕ್ಕಿಂತ ಮೇಲೇರಿ ಕೂರ್ತವೆ. ಇಂಗ್ಲಿಷ್‌ನ "ಡೆಲ್ವ್ಸ್" ಅನ್ನೋ ಪದದ ಕಥೆ ಕೇಳಿರಬಹುದು. ಜರ್ಮನಿಯ ಡಿಮಿಟ್ರಿ ಕೊಬಾಕ್ ಮತ್ತು ಸಂಗಡಿಗರು ಪಬ್‌ಮೆಡ್‌ನಲ್ಲಿರೋ ಒಂದು ಕೋಟಿ 40 ಲಕ್ಷ ವೈದ್ಯಕೀಯ ಸಾರಾಂಶಗಳನ್ನ ಎಣಿಸಿದ್ರು. 2024ರಲ್ಲಿ ಆ ಪದ ಹಿಂದಿನ ಲೆಕ್ಕಾಚಾರದ ಪ್ರಕಾರ ಬರಬೇಕಾಗಿದ್ದಕ್ಕಿಂತ 25 ಪಟ್ಟು ಜಾಸ್ತಿ ಬಂದಿತ್ತು. ಇಂಥ ಪದಗಳನ್ನೆಲ್ಲ ಒಟ್ಟು ಮಾಡಿ, ಆ ವರ್ಷದ ಸಾರಾಂಶಗಳಲ್ಲಿ ಕನಿಷ್ಠ 10 ಪರ್ಸೆಂಟ್‌ಗೆ ಮಾಡೆಲ್‌ನ ಕೈ ತಾಗಿದೆ ಅಂತ ಅವರು ಅಂದಾಜು ಮಾಡಿದ್ರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಇದೇ ಇವತ್ತಿನ ಮುಖ್ಯ ತಿರುವು. ಆ ಅಧ್ಯಯನ ಹೇಳಿದ್ದು ಗುಂಪಿನ ಬಗ್ಗೆ. ಹತ್ತರಲ್ಲಿ ಒಂದು ಅಂತ ಹೇಳಿತೇ ಹೊರತು, ಆ ಒಂದು ಯಾವುದು ಅಂತ ಬೊಟ್ಟು ಮಾಡಲಿಲ್ಲ. ಒಂದು ಊರಿನ ಹಾಲಲ್ಲಿ ನೀರು ಬೆರೆತಿದೆ ಅಂತ ಡೈರಿಯ ಟ್ಯಾಂಕರ್ ನೋಡಿ ಹೇಳಬಹುದು. ನೀರು ಬೆರೆಸಿದ್ದು ಯಾರ ಮನೆಯವರು ಅಂತ ಟ್ಯಾಂಕರ್ ಹೇಳಲ್ಲ. ಕಾಲೇಜಲ್ಲಿ ಡಿಟೆಕ್ಟರ್ ಬಳಸೋರು ಕೇಳ್ತಾ ಇರೋದು ಈ ಎರಡನೇ ಪ್ರಶ್ನೆಯನ್ನ.

ಡಿಟೆಕ್ಟರ್‌ಗೆ ಯಾರು ಬರೆದರು ಅನ್ನೋದು ಗೊತ್ತೇ ಇಲ್ಲ. ಇಂಥ ಡಿಟೆಕ್ಟರ್ ಅಳೆಯೋದು ಬರಹ ಎಷ್ಟು ನಿರೀಕ್ಷಿತವಾಗಿದೆ ಅನ್ನೋದನ್ನ. ನಿರೀಕ್ಷಿತವಾಗಿ ಮನುಷ್ಯರೂ ಬರೀತಾರೆ. ಅಮೆರಿಕದ ಸಂವಿಧಾನವನ್ನೇ ಎಐ ಬರೆದದ್ದು ಅಂತ ಡಿಟೆಕ್ಟರ್‌ಗಳು ಹೇಳಿದ ಉದಾಹರಣೆ 2023ರಲ್ಲಿ ಎಲ್ಲೆಡೆ ಸುದ್ದಿಯಾಯ್ತು. ಕಾರಣ ಸರಳ. ಸಂವಿಧಾನ ಇಂಟರ್‌ನೆಟ್‌ನಲ್ಲಿ ಲೆಕ್ಕವಿಲ್ಲದಷ್ಟು ಕಡೆ ಇದೆ, ಮಾಡೆಲ್‌ಗೆ ಅದು ಬಾಯಿಪಾಠ. ಬಾಯಿಪಾಠ ಆಗಿದ್ದರಲ್ಲಿ ಅಚ್ಚರಿ ಎಲ್ಲಿ ಬರಬೇಕು?

ಅದಕ್ಕಿಂತ ಗಂಭೀರವಾದದ್ದು ನಮ್ಮಂಥವರಿಗೆ ತಾಗೋ ವಿಷಯ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನ ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಬರೆದ, ಮನುಷ್ಯರೇ ಬರೆದ ಪ್ರಬಂಧಗಳು ಅವು. ಸರಾಸರಿ 61 ಪರ್ಸೆಂಟ್ ಪ್ರಬಂಧಗಳನ್ನ ಡಿಟೆಕ್ಟರ್‌ಗಳು ಎಐ ಅಂದವು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧಗಳಿಗೆ ಹೋಲಿಸಿದ್ರೆ ಈ ತಪ್ಪು ತುಂಬಾ ಜಾಸ್ತಿ ಇತ್ತು. ಯಾಕೆ ಹೀಗೆ ಅಂತ ನೀವೇ ಹೇಳಬಲ್ಲಿರಿ ಈಗ. ಕಲಿತ ಭಾಷೆಯಲ್ಲಿ ಬರೆಯುವಾಗ ನಾವು ಗೊತ್ತಿರೋ ಪದವನ್ನೇ, ಸೇಫ್ ಆದ ವಾಕ್ಯವನ್ನೇ ಬಳಸ್ತೀವಿ. ಗಂಜಿ ಗೊತ್ತಿದ್ರೂ ಕಾಫಿ ಅಂತಲೇ ಬರೀತೀವಿ. ನಾಣ್ಯಗಳು ಕಮ್ಮಿಯಾಗ್ತವೆ, ರಸ್ತೆ ಸಪಾಟಾಗುತ್ತೆ. ಕನ್ನಡ ಮೀಡಿಯಂನಲ್ಲಿ ಓದಿ ಕಾಲೇಜಲ್ಲಿ ಇಂಗ್ಲಿಷ್ ಪ್ರಬಂಧ ಬರೆಯೋ ಹುಡುಗಿ ಈ ಗುಂಪಿನಲ್ಲೇ ಇದ್ದಾಳೆ.

ಕನ್ನಡದಲ್ಲೇ ಬರೆದ್ರೆ? ಅಲ್ಲಿ ಬೇರೆ ತೊಂದರೆ. ಮೊದಲು ಟೋಕನ್ ಅಂದ್ರೆ ಪದ ಅಂದ್ಕೊಳ್ಳಿ ಅಂದಿದ್ದೆ. ಇಂಗ್ಲಿಷ್‌ನಲ್ಲಿ ಅದು ಹೆಚ್ಚುಕಮ್ಮಿ ಸರಿ. ಕನ್ನಡದ ಪದಗಳು ಮಾತ್ರ ಎಷ್ಟೋ ಮಾಡೆಲ್‌ಗಳಲ್ಲಿ ಚೂರು ಚೂರಾಗ್ತವೆ. ಕಂಪ್ಯೂಟರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. "ಕನ್ನಡ" ಅನ್ನೋ ಪದದಲ್ಲಿ ಒತ್ತಕ್ಷರದ ಗುರುತೂ ಸೇರಿ ಐದು ಚಿಹ್ನೆ, ಹದಿನೈದು ಬೈಟ್. ಆ ಮೂರು ಬೈಟ್‌ಗಳಲ್ಲಿ ಮೊದಲನೆಯದು ಕನ್ನಡಕ್ಕೆ ಯಾವಾಗಲೂ ಒಂದೇ. ಎರಡನೆಯದಕ್ಕೆ ಎರಡೇ ಆಯ್ಕೆ. ಮಾಡೆಲ್ ಈ ಬೈಟ್‌ಗಳ ಮಟ್ಟಕ್ಕೆ ಇಳಿದು ಓದಿದ್ರೆ, ತುಣುಕುಗಳಲ್ಲಿ ಹೆಚ್ಚಿನವಕ್ಕೆ ಅಚ್ಚರಿ ಸೊನ್ನೆಗೆ ಹತ್ತಿರ. ಬರೆದವರು ಎಷ್ಟೇ ವಿಚಿತ್ರವಾಗಿ ಬರೆದಿದ್ದರೂ ಸರಾಸರಿ ಕೆಳಗೆ ಜಾರುತ್ತೆ. ಹಾಗಾಗಿ ಇಂಗ್ಲಿಷ್ ಬರಹ ನೋಡಿ ನಿಗದಿ ಮಾಡಿದ ಗೆರೆಯನ್ನ ಕನ್ನಡಕ್ಕೆ ಎಳೆದರೆ, ಆ ಅಳತೆಯೇ ಅರ್ಥ ಕಳೆದುಕೊಳ್ಳುತ್ತೆ.

ಕೊನೆಯದಾಗಿ ಒಂದು ಲೆಕ್ಕ. ಓಪನ್‌ಎಐ, ಚಾಟ್‌ಜಿಪಿಟಿ ಮಾಡಿದ ಕಂಪನಿಯೇ, 2023ರ ಜನವರಿ ಕೊನೆಗೆ ತನ್ನದೇ ಡಿಟೆಕ್ಟರ್ ಬಿಟ್ಟಿತು. ಅದರ ಅಂಕಿಗಳನ್ನೂ ತಾನೇ ಹೇಳಿತು. ಯಂತ್ರದ ಬರಹದಲ್ಲಿ 26 ಪರ್ಸೆಂಟ್ ಮಾತ್ರ ಹಿಡಿಯುತ್ತೆ, ಮನುಷ್ಯರ ಬರಹದಲ್ಲಿ 9 ಪರ್ಸೆಂಟನ್ನ ತಪ್ಪಾಗಿ ಎಐ ಅನ್ನುತ್ತೆ. 9 ಅಂದ್ರೆ ಕಮ್ಮಿಯೇ ಅಲ್ವಾ ಅನ್ಸುತ್ತೆ. ಒಂದು ಕಾಲೇಜಲ್ಲಿ ಸಾವಿರ ಪ್ರಬಂಧ, ಅದರಲ್ಲಿ 100 ಯಂತ್ರದ್ದು, 900 ಮಕ್ಕಳೇ ಬರೆದದ್ದು ಅಂತ ಇಟ್ಕೊಳ್ಳಿ. ಯಂತ್ರದ ನೂರರಲ್ಲಿ ಸಿಕ್ಕಿಬೀಳೋದು 26. ಪ್ರಾಮಾಣಿಕವಾಗಿ ಬರೆದ 900ರಲ್ಲಿ 9 ಪರ್ಸೆಂಟ್ ಅಂದ್ರೆ 81. ಒಟ್ಟು 107 ಜನರ ಹೆಸರು ನೋಟಿಸ್ ಬೋರ್ಡಿಗೆ ಬರುತ್ತೆ, ಅದರಲ್ಲಿ 81 ಜನ ತಪ್ಪೇ ಮಾಡಿಲ್ಲ. ನಾಲ್ವರಲ್ಲಿ ಮೂವರು! ನಿಖರತೆ ಕಮ್ಮಿ ಇದೆ ಅಂತ ಹೇಳಿ ಕಂಪನಿ ಅದೇ ವರ್ಷ ಜುಲೈನಲ್ಲಿ ಅದನ್ನ ವಾಪಸ್ ತಗೊಂಡಿತು.

ಈಗಿನ ಡಿಟೆಕ್ಟರ್‌ಗಳು ಅದಕ್ಕಿಂತ ಚುರುಕಾಗಿವೆ. ಆದ್ರೆ ಲೆಕ್ಕದ ರೂಪ ಅದೇ. ಪ್ರಾಮಾಣಿಕರು ಹೆಚ್ಚಿದ್ದ ಕಡೆ, ತಪ್ಪಿನ ಪರ್ಸೆಂಟ್ ಚಿಕ್ಕದಾಗಿದ್ರೂ ಸಿಕ್ಕಿಬೀಳೋ ನಿರಪರಾಧಿಗಳ ಸಂಖ್ಯೆ ಚಿಕ್ಕದಾಗಿರಲ್ಲ. ಇತ್ತ ನಿಜವಾಗಿ ಕದ್ದವರು ಪದಗಳನ್ನ ಅಲ್ಲಲ್ಲಿ ಬದಲಿಸಿದ್ರೆ ನಾಣ್ಯಗಳು ಏರಬಹುದು, ಅಳತೆ ತಪ್ಪಬಹುದು.

ಆದ್ದರಿಂದ ನಿಮ್ಮ ಪ್ರಬಂಧದ ಮೇಲೆ ಯಾರಾದ್ರೂ "80 ಪರ್ಸೆಂಟ್" ಅಂತ ಬರೆದು ಕೊಟ್ಟರೆ, ಅದು ನೀವು ನಕಲು ಮಾಡಿರೋ ಸಾಧ್ಯತೆ 80 ಅಂತ ಅಲ್ಲವೇ ಅಲ್ಲ. ನಿಮ್ಮ ಪದಗಳು ಮಾಡೆಲ್‌ಗೆ ಅಚ್ಚರಿ ತರಲಿಲ್ಲ ಅನ್ನೋದರಿಂದ ಹುಟ್ಟಿದ ಒಂದು ಅಂದಾಜು ಅದು. ಆಗ ಕೇಳಬೇಕಾದ ಪ್ರಶ್ನೆ ಮೂರು. ಬರಹ ಎಷ್ಟು ಉದ್ದ ಇತ್ತು? ಈ ಟೂಲ್ ಯಾವ ಭಾಷೆಯ, ಎಂಥವರ ಬರಹದ ಮೇಲೆ ಪರೀಕ್ಷೆ ಆಗಿದೆ? ಮನುಷ್ಯರ ಬರಹವನ್ನ ನೂರಕ್ಕೆ ಎಷ್ಟು ಸಲ ತಪ್ಪಾಗಿ ಎಐ ಅನ್ನುತ್ತೆ? ಜೊತೆಗೆ ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ರೆ ವರ್ಷನ್ ಹಿಸ್ಟರಿ ತೆಗೆದು ತೋರಿಸಿ. ಯಾವ ಹೊತ್ತಲ್ಲಿ ಯಾವ ವಾಕ್ಯ ಬರೆದ್ರಿ, ಯಾವುದನ್ನ ಅಳಿಸಿದ್ರಿ, ಎಲ್ಲಿ ಬದಲಿಸಿದ್ರಿ ಅನ್ನೋದು ಅಲ್ಲಿ ಇರುತ್ತೆ. ಪದಗಳ ಸರಾಸರಿ ಹೇಳಲಾರದ್ದನ್ನ ಅದು ಹೇಳುತ್ತೆ.

ಇವತ್ತಿಗೆ ಇಷ್ಟು. ಲೆಕ್ಕದಲ್ಲಿ ಎಲ್ಲಾದ್ರೂ ಎಡವಿದ್ರೆ ಕಾಫಿ, ಟೀ, ಹಾಲು, ಗಂಜಿ ಜಾಗಕ್ಕೆ ವಾಪಸ್ ಹೋಗಿ, ಪೆನ್ನು ಹಿಡಿದು ಒಂದ್ಸಲ ನೀವೇ ವರ್ಗ ಮಾಡಿ ನೋಡಿ.